ಮೂರು ವಾರವಾದರೂ ಫೋನ್ ಬಾರದ ಫ್ಲ್ಯಾಟು: ಬೆಲೆ, ಫೋಟೊ ಬದಲಿಸಿ ಮತ್ತೆ ಮಾರಾಟಕ್ಕಿಡುವ ಬಗೆ

ಕಾರ್ತಿಕ ಮಾಸದ ಒಂದು ಸಂಜೆ ಹಾಸನದ ಸಾಲಗಾಮೆ ರಸ್ತೆಯ ಕಡೆಯಿಂದ ನಿವೃತ್ತ ಮೇಷ್ಟ್ರೊಬ್ಬರು ನನಗೆ ಫೋನ್ ಮಾಡಿದರು. ಮಗನ ಜೊತೆ ಇರಲು ಬೆಂಗಳೂರಿಗೆ ಹೊರಟಿದ್ದ ದಂಪತಿ ತಮ್ಮ ಫ್ಲ್ಯಾಟನ್ನು ಮಾರಾಟಕ್ಕಿಟ್ಟು ಮೂರು ವಾರ ಕಳೆದಿತ್ತು. ಮೂರನೆಯ ಮಹಡಿ, ಎರಡು ಮಲಗುವ ಕೋಣೆ, ಸೂಪರ್ ಬಿಲ್ಟ್ ಅಪ್ ಅಳತೆ 1,080 ಚದರ ಅಡಿ, ಕಟ್ಟಡಕ್ಕೆ ಒಂಬತ್ತು ವರ್ಷ, ಲಿಫ್ಟ್ ಇದೆ, ಮುಚ್ಚಿದ ಪಾರ್ಕಿಂಗ್ ಇದೆ. ಕೇಳಿದ್ದ ಬೆಲೆ 56 ಲಕ್ಷ ರೂಪಾಯಿ. ಬಂದ ಕರೆಗಳು ಮೂರು: ಒಂದು ದಲ್ಲಾಳಿಯದು, ಇನ್ನೊಂದು ಸಾಲ ಕೊಡಿಸುವವರದು, ಮತ್ತೊಂದು ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದವರದು. ಅಂದರೆ ಕೊಳ್ಳುವವರಿಂದ ಒಂದು ಕರೆಯೂ ಬಂದಿರಲಿಲ್ಲ.

ಹಾಸನದಲ್ಲಿ ಹಳೆಯ ಫ್ಲ್ಯಾಟುಗಳ ಮಾರಾಟ ನೋಡಿಕೊಳ್ಳುವ ನನಗೆ ಇಂಥ ಕರೆಗಳು ಹೊಸವಲ್ಲ. ಈ ಒಂದು ಮನೆಯ ವಿಚಾರದಲ್ಲಿ ಏನು ಮಾಡಿದೆವು ಎಂಬುದನ್ನೇ ಹಂತ ಹಂತವಾಗಿ ಇಲ್ಲಿ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ಆಗಿದ್ದ ತಪ್ಪುಗಳು ಬಹಳ ಮನೆಗಳಲ್ಲಿ ಆಗುವ ತಪ್ಪುಗಳೇ.

ಮೊದಲ ಹಂತ: ತೊಡಕು ಎಲ್ಲಿದೆ ಎಂದು ಪತ್ತೆ ಮಾಡುವುದು

ಫೋನ್ ಬರುತ್ತಿಲ್ಲ ಎಂದ ಕೂಡಲೇ ಬೆಲೆ ಇಳಿಸಲು ಹೊರಡಬಾರದು. ಜಾಹೀರಾತು ಜನರ ಕಣ್ಣಿಗೇ ಬೀಳದಿರುವುದು ಒಂದು ಸಮಸ್ಯೆ, ನೋಡಿದವರು ಮುಂದಕ್ಕೆ ಹೋಗಿಬಿಡುವುದು ಇನ್ನೊಂದು ಸಮಸ್ಯೆ, ಫೋನ್ ಮಾಡಿದವರಿಗೆ ಉತ್ತರ ಸಿಗದಿರುವುದು ಮೂರನೆಯದು. ಮೂರಕ್ಕೂ ಮದ್ದು ಬೇರೆ ಬೇರೆ. ಜಾಹೀರಾತು ಹಾಕಿದ ಜಾಲತಾಣದಲ್ಲಿ ನಿಮ್ಮ ಖಾತೆಗೆ ಲಾಗಿನ್ ಆದರೆ ಎಷ್ಟು ಜನ ನೋಡಿದ್ದಾರೆ, ಎಷ್ಟು ಜನ ನಂಬರ್ ತೆಗೆದುಕೊಂಡಿದ್ದಾರೆ ಎಂಬ ಲೆಕ್ಕ ಸಾಮಾನ್ಯವಾಗಿ ಸಿಗುತ್ತದೆ. ಆ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮೇಷ್ಟ್ರು ಎರಡು ಕಡೆ ಜಾಹೀರಾತು ಹಾಕಿದ್ದರು. ಮನೆ, ನಿವೇಶನಗಳಿಗೆ ಮೀಸಲಾದ ತಾಣದಲ್ಲಿ ಮೂರು ವಾರಕ್ಕೆ 64 ಜನ ಮಾತ್ರ ನೋಡಿದ್ದರು. ಹಳೆಯ ಬೈಕು, ಸೋಫಾಗಳೂ ಮಾರಾಟವಾಗುವ ತಾಣದಲ್ಲಿ 410 ಜನ ನೋಡಿದ್ದರು, ಮೂರು ಕರೆಯೂ ಅಲ್ಲಿಂದಲೇ ಬಂದಿದ್ದವು. ನನ್ನ ಅನುಭವದ ಅಳತೆಗೋಲು ಇಷ್ಟೇ: ನೂರು ಜನ ಜಾಹೀರಾತು ತೆರೆದು ನೋಡಿದರೆ ಕೊಳ್ಳುವ ಉದ್ದೇಶದ ಎರಡು ಮೂರು ಕರೆಗಳಾದರೂ ಬರಬೇಕು. ನಾನೂರು ಜನ ನೋಡಿಯೂ ಒಂದು ಕರೆ ಬರಲಿಲ್ಲ ಎಂದರೆ ದೋಷ ಫೋಟೊದಲ್ಲಿದೆ, ಬೆಲೆಯಲ್ಲಿದೆ, ಇಲ್ಲವೇ ಎರಡರಲ್ಲೂ ಇದೆ. ಮೊದಲ ತಾಣದ 64ರ ಕಥೆ ಬೇರೆ. ಅಲ್ಲಿ ಮನೆ ಯಾರ ಕಣ್ಣಿಗೂ ಬಿದ್ದೇ ಇರಲಿಲ್ಲ.

ಕಣ್ಣಿಗೆ ಬೀಳದಿರಲು ಕಾರಣ ಹುಡುಕುವುದು ಸುಲಭ. ಬೇರೆಯವರ ಮೊಬೈಲ್ ತೆಗೆದುಕೊಂಡು, ಕೊಳ್ಳುವವರು ಹೇಗೆ ಹುಡುಕುತ್ತಾರೋ ಹಾಗೆಯೇ ಹುಡುಕಿ ನೋಡಬೇಕು. ನಾನು ಮೇಷ್ಟ್ರ ಎದುರಿಗೇ ಕುಳಿತು ಹಾಸನ, ಸಾಲಗಾಮೆ ರಸ್ತೆ, ಎರಡು ಕೋಣೆ, 50 ಲಕ್ಷದೊಳಗೆ ಎಂದು ಹುಡುಕಿದೆ. ಅವರ ಮನೆ ಬರಲಿಲ್ಲ. ಬೆಲೆಯ ಮಿತಿಯನ್ನು 60 ಲಕ್ಷಕ್ಕೆ ಏರಿಸಿದೆ, ಆಗಲೂ ಬರಲಿಲ್ಲ. ಬಡಾವಣೆಯ ಹೆಸರನ್ನು ತೆಗೆದು ಇಡೀ ಹಾಸನವನ್ನು ಹುಡುಕಿದ ಮೇಲೆ ಎಲ್ಲೋ ಕೆಳಗೆ ಕಂಡಿತು. ಜಾಹೀರಾತು ತುಂಬುವಾಗ ಬೆಂಗಳೂರಿನಲ್ಲಿ ಕುಳಿತ ಮಗ ಬಡಾವಣೆಯ ಜಾಗದಲ್ಲಿ ‘ಇತರೆ’ ಎಂದು ಆರಿಸಿದ್ದ, ನಕ್ಷೆಯ ಗುರುತು ಹೊಸ ಬಸ್ ನಿಲ್ದಾಣದ ಬಳಿ ಬಿದ್ದಿತ್ತು. ಒಂದು ಪೈಸೆ ಖರ್ಚಿಲ್ಲದೆ ಸರಿಯಾಗುವ ತಪ್ಪು ಇದು, ಆದರೆ ಮೂರು ವಾರವನ್ನು ನುಂಗಿತ್ತು.

ಫೋನ್ ನಂಬರೂ ಮಗನದೇ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಆತ ಮೀಟಿಂಗಿನಲ್ಲಿರುತ್ತಾನೆ, ಆ ಹೊತ್ತಿನಲ್ಲಿ ಗೊತ್ತಿಲ್ಲದ ನಂಬರಿನ ಕರೆಗಳನ್ನು ತೆಗೆಯುವುದೇ ಇಲ್ಲ. ಮನೆ ಕೊಳ್ಳಲು ಹೊರಟವರು ಒಂದು ಸಲ ಫೋನ್ ಮಾಡುತ್ತಾರೆ, ಎತ್ತದಿದ್ದರೆ ಪಟ್ಟಿಯಲ್ಲಿನ ಮುಂದಿನ ಮನೆಗೆ ಹೋಗುತ್ತಾರೆ. ಹಾಸನದಲ್ಲೇ ಇರುವವರ, ಹಗಲಿನಲ್ಲಿ ಎತ್ತುವವರ ನಂಬರ್ ಕೊಡಿ ಎಂದೆ. ಅಮ್ಮಾವ್ರ ನಂಬರ್ ಹಾಕಿದೆವು.

ಇಲ್ಲಿ ಇನ್ನೊಂದು ಮಾತು. ನಿಮ್ಮ ಮೂರು ವಾರ ಆಷಾಢದಲ್ಲಿ ಬಿದ್ದಿದ್ದರೆ ಅಥವಾ ಪಿತೃಪಕ್ಷ, ಧನುರ್ಮಾಸಗಳಲ್ಲಿ ಬಿದ್ದಿದ್ದರೆ ಈ ಅಂಕಿಗಳನ್ನು ಅಷ್ಟಾಗಿ ನಂಬಬೇಡಿ. ಆಷಾಢದಲ್ಲಿ ನಮ್ಮ ಕಡೆ ಮನೆ ನೋಡಲು ಬರುವವರೇ ಕಡಿಮೆ. ಶ್ರಾವಣ ಹುಟ್ಟುವವರೆಗೆ ಫೋಟೊ, ದಾಖಲೆಗಳನ್ನು ಸಿದ್ಧಮಾಡಿಟ್ಟುಕೊಂಡು ಆಮೇಲೆ ಹೊಸದಾಗಿ ಹಾಕುವುದು ಲೇಸು. ಮೇಷ್ಟ್ರಿಗೆ ಆ ನೆಪವೂ ಇರಲಿಲ್ಲ. ಕಾರ್ತಿಕ ಒಳ್ಳೆಯ ಕಾಲವೇ.

ಎರಡನೆಯ ಹಂತ: ಬೆಲೆ

56 ಲಕ್ಷ ಎಲ್ಲಿಂದ ಬಂತು ಎಂದು ಕೇಳಿದೆ. ಕೊಂಡಾಗ ಕೊಟ್ಟ ಹಣ, ನೋಂದಣಿಯ ಖರ್ಚು, ಮಾಡ್ಯುಲರ್ ಅಡುಗೆಮನೆ ಮತ್ತು ವಾರ್ಡ್‌ರೋಬಿಗೆ ಹಾಕಿದ ನಾಲ್ಕು ಲಕ್ಷ, ಅದರ ಮೇಲೆ ಒಂಬತ್ತು ವರ್ಷದ ಏರಿಕೆ, ಎಲ್ಲವನ್ನೂ ಕೂಡಿಸಿದ್ದರು. ಲೆಕ್ಕ ಅಚ್ಚುಕಟ್ಟಾಗಿತ್ತು, ಆದರೆ ಕೊಳ್ಳುವವನಿಗೆ ಸಂಬಂಧಿಸಿದ ಒಂದು ಅಂಕಿಯೂ ಅದರಲ್ಲಿರಲಿಲ್ಲ. ನೀವು ಎಷ್ಟು ಖರ್ಚು ಮಾಡಿದ್ದೀರಿ ಎಂಬುದು ಅವನಿಗೆ ಬೇಕಿಲ್ಲ, ಅಷ್ಟೇ ಹಣಕ್ಕೆ ತನಗೆ ಬೇರೆ ಏನು ಸಿಗುತ್ತದೆ ಎಂದು ಮಾತ್ರ ನೋಡುತ್ತಾನೆ.

ಆದ್ದರಿಂದ ಬೆಲೆಯನ್ನು ಹೊರಗಿನಿಂದ ಕಟ್ಟಬೇಕು. ನಾವು ನಾಲ್ಕು ಅಂಕಿಗಳನ್ನು ಹುಡುಕಿದೆವು. ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿ ಅಷ್ಟೇ ಅಳತೆಯ ಮನೆ ಎಂಟು ತಿಂಗಳ ಹಿಂದೆ 46.5 ಲಕ್ಷಕ್ಕೆ ಹೋಗಿತ್ತು; ಇದನ್ನು ನಿವಾಸಿಗಳ ಸಂಘದ ಕಾರ್ಯದರ್ಶಿ ಹೇಳಿದರು. ಪಕ್ಕದ ರಸ್ತೆಯ ಇನ್ನೊಂದು ಹಳೆಯ ಫ್ಲ್ಯಾಟು 52 ಲಕ್ಷಕ್ಕೆ ಐದು ತಿಂಗಳಿಂದ ಹಾಗೇ ಕುಳಿತಿತ್ತು, ಅಂದರೆ 52 ನಡೆಯುವ ಬೆಲೆಯಲ್ಲ. ಅರ್ಧ ಕಿಲೋಮೀಟರಿನೊಳಗೆ ಕಟ್ಟಿ ಮುಗಿದ ಹೊಸ ಕಟ್ಟಡದಲ್ಲಿ ಬಿಲ್ಡರು ಚದರ ಅಡಿಗೆ 5,100 ರೂಪಾಯಿ ಕೇಳುತ್ತಿದ್ದರು; 1,080 ಅಡಿಗೆ ಅದು ಸುಮಾರು 55 ಲಕ್ಷ. ಒಂಬತ್ತು ವರ್ಷದ ಮನೆಗೆ ಮೇಷ್ಟ್ರು ಹೊಸ ಮನೆಗಿಂತ ಹೆಚ್ಚು ಕೇಳುತ್ತಿದ್ದರು ಎಂಬುದು ಅಲ್ಲಿಯವರೆಗೆ ಅವರಿಗೇ ತಿಳಿದಿರಲಿಲ್ಲ. ನಾಲ್ಕನೆಯದಾಗಿ, ಬ್ಯಾಂಕುಗಳಿಗೆ ಮೌಲ್ಯಮಾಪನ ಮಾಡಿಕೊಡುವ ಎಂಜಿನಿಯರ್ ಒಬ್ಬರಿಗೆ ಶುಲ್ಕ ಕೊಟ್ಟು ಮನೆ ತೋರಿಸಿದೆವು. ಅವರು 48 ಲಕ್ಷ ಎಂದರು.

ಇತ್ತೀಚಿನ ಮಾರಾಟದ ಮೊತ್ತ ಸಂಘದವರಿಂದ ಸಿಗದಿದ್ದರೆ, ಆ ಸ್ವತ್ತಿನ ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇ.ಸಿ.ಯನ್ನು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಶುಲ್ಕ ಕಟ್ಟಿ ಪಡೆದರೆ ನೋಂದಣಿಯಾದ ಮೊತ್ತ ಕಾಣುತ್ತದೆ. ಆದರೆ ಪತ್ರದಲ್ಲಿ ತೋರಿಸಿದ ಮೊತ್ತ ನಿಜವಾಗಿ ಕೈಬದಲಾದ ಮೊತ್ತಕ್ಕಿಂತ ಕಡಿಮೆ ಇರುವುದುಂಟು. ಅದನ್ನು ಕೆಳಗಿನ ಗಡಿ ಎಂದಷ್ಟೇ ತಿಳಿಯಬೇಕು. ಸರ್ಕಾರದ ಮಾರ್ಗಸೂಚಿ ಬೆಲೆಯನ್ನೂ ನೋಡಿಟ್ಟುಕೊಳ್ಳಿ, ಏಕೆಂದರೆ ನೀವು ಅದಕ್ಕಿಂತ ಕಡಿಮೆಗೆ ಮಾರಿದರೂ ಮುದ್ರಾಂಕ ಶುಲ್ಕವನ್ನು ಆ ಬೆಲೆಯ ಮೇಲೆಯೇ ಕಟ್ಟಬೇಕಾಗುತ್ತದೆ.

ಮೌಲ್ಯಮಾಪಕರ ಅಂಕಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಹಾಸನದಲ್ಲಿ ಫ್ಲ್ಯಾಟು ಕೊಳ್ಳುವವರಲ್ಲಿ ಹೆಚ್ಚಿನವರು ಸಂಬಳದವರು, ಸಾಲ ಮಾಡಿ ಕೊಳ್ಳುವವರು. 30 ಲಕ್ಷಕ್ಕಿಂತ ಹೆಚ್ಚು, 75 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಮೌಲ್ಯದ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕು ಲೆಕ್ಕ ಹಾಕುವುದು ಕರಾರಿನ ಬೆಲೆ ಮತ್ತು ಮೌಲ್ಯಮಾಪಕರ ಬೆಲೆ ಇವೆರಡರಲ್ಲಿ ಕಡಿಮೆ ಇರುವುದರ ಮೇಲೆ. ಇಷ್ಟನ್ನು ಇಟ್ಟುಕೊಂಡು ಮೇಷ್ಟ್ರ ಎದುರಿಗೆ ಒಂದು ಹಾಳೆಯಲ್ಲಿ ಲೆಕ್ಕ ಮಾಡಿದೆ.

ಮನೆಯನ್ನು 56 ಲಕ್ಷಕ್ಕೆ ಕೊಳ್ಳಲು ಒಬ್ಬರು ಒಪ್ಪಿದರು ಎಂದುಕೊಳ್ಳೋಣ. ಮೌಲ್ಯಮಾಪಕರು 48 ಎನ್ನುತ್ತಾರೆ, ಬ್ಯಾಂಕು ಅದರ ಶೇ 80, ಅಂದರೆ 38.4 ಲಕ್ಷ ಕೊಡುತ್ತದೆ. ಉಳಿದ 17.6 ಲಕ್ಷ ಕೊಳ್ಳುವವರ ಕೈಯಿಂದ ಬರಬೇಕು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು ಶೇ 7.6 ಎಂದು ಹಿಡಿದರೆ ಇನ್ನೂ 4.26 ಲಕ್ಷ. ಒಟ್ಟು 21.86 ಲಕ್ಷ ರೂಪಾಯಿ ಅವರ ಬಳಿ ಇರಬೇಕು. ಅದೇ ಮನೆಯ ಬೆಲೆ 49.5 ಲಕ್ಷವಾದರೆ ಸಾಲ ಅಷ್ಟೇ ಸಿಗುತ್ತದೆ, ಕೈಯಿಂದ ಹಾಕಬೇಕಾದದ್ದು 11.1 ಲಕ್ಷ, ನೋಂದಣಿಗೆ 3.76 ಲಕ್ಷ, ಒಟ್ಟು 14.86 ಲಕ್ಷ. ಮನೆಯ ಬೆಲೆಯಲ್ಲಿ ಆರೂವರೆ ಲಕ್ಷದ ಇಳಿತ, ಕೊಳ್ಳುವವರ ಕೈಹಣದಲ್ಲಿ ಏಳು ಲಕ್ಷದ ಇಳಿತ. 22 ಲಕ್ಷ ಕೂಡಿಟ್ಟ ನರ್ಸು ಅಥವಾ ಲೆಕ್ಚರರು ನಮ್ಮ ಊರಿನಲ್ಲಿ ಎಷ್ಟು ಜನ ಸಿಗುತ್ತಾರೆ, 15 ಲಕ್ಷ ಹೊಂದಿಸಬಲ್ಲವರು ಎಷ್ಟು ಜನ ಸಿಗುತ್ತಾರೆ ಎಂದು ಕೇಳಿದೆ. ಮೇಷ್ಟ್ರು ಹಾಳೆಯನ್ನು ತಿರುಗಿಸಿ ಇನ್ನೊಂದು ಸಲ ಕೂಡಿಸಿ ನೋಡಿದರು. ಲೆಕ್ಕದ ಮೇಷ್ಟ್ರಲ್ಲವೇ.

“ಹಾಗಾದರೆ 55 ಮಾಡೋಣ, ಬಿಡಿ. ಹದಿನೈದು ದಿನ ನೋಡಿ 54 ಮಾಡೋಣ,” ಎಂದರು.

“ಬೇಡ ಮೇಷ್ಟ್ರೇ. ಹಾಗೆ ತುಸುತುಸುವೇ ಇಳಿಸಿದರೆ ನೋಡುತ್ತಿರುವವರು ಇನ್ನೂ ಇಳಿಯಲಿ ಅಂತ ಕಾಯ್ತಾರೆ,” ಎಂದೆ.

ಇಳಿಸುವುದಾದರೆ ಒಂದೇ ಸಲ, ಲೆಕ್ಕಕ್ಕೆ ಸಿಗುವಷ್ಟು ಇಳಿಸಬೇಕು. ಹುಡುಕಾಟದ ಮಿತಿಯನ್ನು ದಾಟುವಂತೆ ಇಳಿಸಬೇಕು. ತಾಣಗಳಲ್ಲಿ ಜನ 40, 50, 60 ಲಕ್ಷ ಎಂದು ಹತ್ತರ ಗಡಿ ಹಾಕಿ ಹುಡುಕುತ್ತಾರೆ. 56ನ್ನು 53 ಮಾಡಿದರೂ ನೀವು ಅದೇ ಗುಂಪಿನಲ್ಲಿ ಇರುತ್ತೀರಿ, 49.5 ಮಾಡಿದರೆ 50ರೊಳಗೆ ಹುಡುಕುವ ಹೊಸ ಗುಂಪಿನ ಕಣ್ಣಿಗೆ ಮೊದಲ ಸಲ ಬೀಳುತ್ತೀರಿ. ‘ಚೌಕಾಸಿಗೆ ಅವಕಾಶವಿದೆ’ ಎಂದು ಬರೆದು 56 ಕೇಳುವುದರಿಂದ ಪ್ರಯೋಜನವಿಲ್ಲ, ಏಕೆಂದರೆ 50ರ ಗಡಿ ಹಾಕಿದವರಿಗೆ ಆ ಸಾಲೇ ಕಾಣುವುದಿಲ್ಲ. 50ರ ಗಡಿಗೆ ಇನ್ನೊಂದು ಅನುಕೂಲವೂ ಇದೆ: ಬೆಲೆ ಅಥವಾ ಮುದ್ರಾಂಕದ ಮೌಲ್ಯ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ ಹಿಡಿದು ಕಟ್ಟುವ ಕೆಲಸವೊಂದು ಸೇರಿಕೊಳ್ಳುತ್ತದೆ.

ಕೇಳುವ ಬೆಲೆ 49.5 ಲಕ್ಷ, ಅದಕ್ಕಿಂತ ಕೆಳಗೆ ಕೊಡದ ಬೆಲೆ 47.5 ಲಕ್ಷ ಎಂದು ನಿರ್ಧಾರವಾಯಿತು. ಎರಡನೆಯ ಅಂಕಿಯನ್ನು ಮನೆಯವರು ಮೊದಲೇ ಒಪ್ಪಿಕೊಂಡಿರಬೇಕು ಮತ್ತು ಅದು ದಲ್ಲಾಳಿಗೂ ತಿಳಿಯಬಾರದು. ಗಂಡನಿಗೆ ಒಂದು ಅಂಕಿ, ಹೆಂಡತಿಗೆ ಒಂದು ಅಂಕಿ, ಮಗನಿಗೆ ಮತ್ತೊಂದು ಅಂಕಿ ಮನಸ್ಸಿನಲ್ಲಿದ್ದು, ಒಳ್ಳೆಯ ಗಿರಾಕಿ ಎದುರಿಗೇ ಕುಳಿತಿರುವಾಗ ಜಗಳವಾದ ಮನೆಗಳನ್ನು ನಾನು ನೋಡಿದ್ದೇನೆ.

ಮೂರನೆಯ ಹಂತ: ಫೋಟೊ

ಹಳೆಯ ಜಾಹೀರಾತಿನಲ್ಲಿ ಐದು ಫೋಟೊಗಳಿದ್ದವು. ಮೊದಲನೆಯದರಲ್ಲಿ ಕಟ್ಟಡದ ಗೇಟು, ಅದರ ಮುಂದೆ ಯಾರದೋ ಸ್ಕೂಟರು, ಒಡೆದ ಚರಂಡಿಯ ಕಲ್ಲು. ಎರಡನೆಯದರಲ್ಲಿ ಹಾಲ್, ರಾತ್ರಿ ಏಳು ಗಂಟೆಗೆ ಫ್ಲ್ಯಾಶ್ ಹಾಕಿ ತೆಗೆದದ್ದು, ಹಗ್ಗದ ಮೇಲೆ ಒಗೆದ ಬಟ್ಟೆ, ಟಿವಿಯಲ್ಲಿ ಧಾರಾವಾಹಿ. ಮೂರನೆಯದು ಮೊಬೈಲನ್ನು ಉದ್ದಕ್ಕೆ ಹಿಡಿದು ತೆಗೆದ ಅಡುಗೆಮನೆ, ಅರ್ಧ ಫೋಟೊ ತುಂಬ ಗ್ಯಾಸ್ ಸಿಲಿಂಡರು. ಬಚ್ಚಲಿನಲ್ಲಿ ಬಕೆಟ್ಟು, ದೇವರ ಕೋಣೆಯಲ್ಲಿ ಕತ್ತಲೆ. ಮಲಗುವ ಕೋಣೆ ಒಂದೂ ಇರಲಿಲ್ಲ. ಬಾಲ್ಕನಿಯಿಂದ ತೆಂಗಿನ ತೋಟ ಕಾಣುತ್ತದೆ ಎಂಬುದು ನನಗೆ ತಿಳಿದದ್ದು ಮನೆಗೆ ಹೋದ ಮೇಲೆ.

ಫೋಟೊ ತೆಗೆಯುವ ಮುಂಚಿನ ದಿನ ಪೂರ್ತಿ ಮನೆಯನ್ನು ಖಾಲಿ ಮಾಡುವ ಕೆಲಸ. ಹಾಲಿನಿಂದ ಹೆಚ್ಚಿನ ಕುರ್ಚಿಗಳು, ಪ್ಲಾಸ್ಟಿಕ್ ಟೀಪಾಯಿ, ಗೋಡೆಯ ಮೇಲಿನ ಕುಟುಂಬದ ಫೋಟೊಗಳು, ಕ್ಯಾಲೆಂಡರು ಎಲ್ಲ ಹೊರಗೆ. ಅಡುಗೆ ಕಟ್ಟೆಯ ಮೇಲೆ ಮಿಕ್ಸಿ, ಡಬ್ಬಗಳು ಬೇಡ, ಒಲೆ ಮಾತ್ರ ಇರಲಿ. ಬಚ್ಚಲಿನಲ್ಲಿ ಬಕೆಟ್ಟು, ಬ್ರಷ್ಷು, ಸೋಪಿನ ಚೂರು ಯಾವುದೂ ಬೇಡ, ಕಮೋಡಿನ ಮುಚ್ಚಳ ಹಾಕಿರಲಿ. ಹೀಗೆ ತೆಗೆದ ಸಾಮಾನನ್ನು ಅಲಮಾರಿನೊಳಗೆ ತುರುಕಬಾರದು, ನೋಡಲು ಬಂದವರು ಅಲಮಾರನ್ನೂ ತೆರೆಯುತ್ತಾರೆ. ಪಾರ್ಕಿಂಗಿನ ಕಾರಿನ ಡಿಕ್ಕಿ ಒಳ್ಳೆಯ ಜಾಗ.

ಪಶ್ಚಿಮದ ಕೋಣೆಯ ಗೋಡೆಯಲ್ಲಿ ಮಳೆಗಾಲದ ತೇವದ ಕಲೆಯಿತ್ತು. ಇಂಥದನ್ನು ಫೋಟೊದಿಂದ ತಪ್ಪಿಸಿದರೆ ಕರೆಗಳು ಬರಬಹುದು, ಆದರೆ ಮನೆಗೆ ಬಂದವರು ಆ ಕಲೆ ನೋಡಿದ ಕ್ಷಣದಿಂದ ನಿಮ್ಮ ಉಳಿದ ಮಾತುಗಳನ್ನೂ ಅನುಮಾನಿಸುತ್ತಾರೆ. ಮೇಲೆ ಬಣ್ಣ ಬಳಿದು ಮುಚ್ಚುವುದೂ ತಪ್ಪು; ಮುಂದಿನ ಮಳೆಗೆ ಮತ್ತೆ ಏಳುತ್ತದೆ, ತಿಳಿದವರು ಅಂಗೈ ಇಟ್ಟು ನೋಡಿಯೇ ಹೇಳುತ್ತಾರೆ. ಹೊರಗೋಡೆಯ ಬಿರುಕಿಗೆ ಸಂಘದವರಿಂದ ವಾಟರ್‌ಪ್ರೂಫಿಂಗ್ ಮಾಡಿಸಿ, ಒಳಗೆ ಒಣಗಲು ಬಿಟ್ಟು, ಆ ಕೋಣೆಗೆ ಮತ್ತು ಹಾಲಿಗೆ ಬಿಳಿಗೆ ಹತ್ತಿರದ ಬಣ್ಣ ಹೊಡೆಸಿದೆವು. ಮನೆಯವರಿಗೆ ತಗುಲಿದ್ದು 18,000 ರೂಪಾಯಿ. ಸಂಘದ ರಶೀದಿಯನ್ನು ದಾಖಲೆಗಳ ಜೊತೆ ಇಟ್ಟೆವು, ಕೇಳಿದವರಿಗೆ ತೋರಿಸಲು.

ಇನ್ನು ತೆಗೆಯುವ ಬಗೆ. ವೃತ್ತಿಯ ಫೋಟೊಗ್ರಾಫರು ಸಿಕ್ಕರೆ ಒಳ್ಳೆಯದು, ಆದರೆ ಮದುವೆಯ ಫೋಟೊ ತೆಗೆಯುವವರಿಗೆಲ್ಲ ಮನೆ ತೆಗೆಯಲು ಬರುವುದಿಲ್ಲ, ಬಣ್ಣಗಳನ್ನು ಕಣ್ಣು ಕುಕ್ಕುವಂತೆ ಮಾಡಿಬಿಡುತ್ತಾರೆ. ಸಾಮಾನ್ಯ ಮೊಬೈಲೇ ಸಾಕು. ಲೆನ್ಸನ್ನು ಬಟ್ಟೆಯಿಂದ ಒರೆಸಿ. ಅರ್ಧ ಫೋಟೊ ಮಸುಕಾಗುವುದು ಬೆರಳಿನ ಜಿಡ್ಡಿನಿಂದಲೇ. ಮೊಬೈಲನ್ನು ಅಡ್ಡಲಾಗಿ ಹಿಡಿಯಿರಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ. ಕಣ್ಣಿನ ಮಟ್ಟದಿಂದ ತೆಗೆದರೆ ಚಾವಣಿಯೇ ಹೆಚ್ಚು ಕಾಣುತ್ತದೆ. ಕೋಣೆಯ ಮೂಲೆಯಲ್ಲಿ ಅಥವಾ ಬಾಗಿಲಲ್ಲಿ ನಿಂತು ಎದುರು ಮೂಲೆಯತ್ತ ತಿರುಗಿ, ಬಾಗಿಲಿನ ಚೌಕಟ್ಟು ಪರದೆಯ ಮೇಲೆ ನೆಟ್ಟಗೆ ನಿಲ್ಲುವಂತೆ ಹೊಂದಿಸಿ. ಎಲ್ಲವನ್ನೂ ಹಿಗ್ಗಿಸಿ ತೋರಿಸುವ 0.5ರ ಲೆನ್ಸನ್ನು ಬಳಸಬೇಡಿ. ಹತ್ತು ಅಡಿಯ ಕೋಣೆ ಕಲ್ಯಾಣ ಮಂಟಪದಂತೆ ಕಂಡು, ಬಂದವರಿಗೆ ನಿರಾಸೆಯಾಗುತ್ತದೆ. ಬಚ್ಚಲಿನಂಥ ಇಕ್ಕಟ್ಟಿನ ಜಾಗಕ್ಕೆ ಮಾತ್ರ ಅದನ್ನು ಬಳಸಿದರೆ ಅಡ್ಡಿಯಿಲ್ಲ.

ಬೆಳಕಿನ ವಿಚಾರಕ್ಕೆ ತುಸು ಹೆಚ್ಚು ಗಮನ ಬೇಕು. ಬಿಸಿಲು ನೇರವಾಗಿ ಒಳಗೆ ಬೀಳುವ ಹೊತ್ತಿನಲ್ಲಿ ತೆಗೆದರೆ ಕಿಟಕಿ ಬೆಳ್ಳಗೆ ಉರಿಯುತ್ತದೆ, ಉಳಿದ ಕೋಣೆ ಕಪ್ಪಾಗುತ್ತದೆ. ಮೇಷ್ಟ್ರ ಹಾಲ್ ಪೂರ್ವಕ್ಕಿತ್ತು, ಆದ್ದರಿಂದ ಬಿಸಿಲು ಒಳಗಿಂದ ಸರಿಯುವವರೆಗೆ, ಅಂದರೆ ಹತ್ತೂವರೆಯವರೆಗೆ ಕಾದೆವು. ಪಶ್ಚಿಮದ ಕೋಣೆಯನ್ನು ಅದಕ್ಕೂ ಮೊದಲೇ ಮುಗಿಸಿದ್ದೆವು. ಪರದೆಗಳನ್ನು ಪೂರ್ತಿ ಸರಿಸಿ, ಎಲ್ಲ ದೀಪಗಳನ್ನೂ ಹಾಕಿ, ಫ್ಲ್ಯಾಶ್ ಆರಿಸಿ, ಮೊಬೈಲಿನ ಪರದೆಯ ಮೇಲೆ ಕಿಟಕಿಯ ಅಂಚನ್ನು ಮುಟ್ಟಿ ಬೆಳಕನ್ನು ಹೊಂದಿಸಿ ತೆಗೆದರೆ ಒಳಗೂ ಹೊರಗೂ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ದಿನಗಳಲ್ಲಾದರೆ ಹನ್ನೊಂದರಿಂದ ಒಂದು ಗಂಟೆಯೊಳಗೆ ತೆಗೆಯುವುದು ವಾಸಿ.

ಒಟ್ಟು ಹದಿನಾಲ್ಕು ಫೋಟೊ ಆರಿಸಿದೆವು. ಮೊದಲ ಫೋಟೊದ್ದೇ ಮುಕ್ಕಾಲು ಕೆಲಸ, ಏಕೆಂದರೆ ಪಟ್ಟಿಯಲ್ಲಿ ಅಂಚೆಚೀಟಿಯ ಗಾತ್ರದಲ್ಲಿ ಕಾಣುವುದು ಅದೊಂದೇ. ಹಾಲಿನ ಒಳಮೂಲೆಯಿಂದ ಬಾಲ್ಕನಿಯತ್ತ ತೆಗೆದದ್ದನ್ನು, ಹಿಂದೆ ತೆಂಗಿನ ಗರಿಗಳು ಕಾಣುವುದನ್ನು, ಮೊದಲು ಹಾಕಿದೆವು. ಆಮೇಲೆ ಮನೆಯೊಳಗೆ ನಡೆದು ಹೋಗುವ ಕ್ರಮದಲ್ಲೇ: ಹಾಲ್, ಊಟದ ಜಾಗ, ಅಡುಗೆಮನೆ, ದೇವರ ಕೋಣೆ, ಮಲಗುವ ಕೋಣೆಗಳು, ಬಚ್ಚಲು, ಬಾಲ್ಕನಿ, ಕೊನೆಯಲ್ಲಿ ಲಿಫ್ಟು, ಪಾರ್ಕಿಂಗ್, ಕಟ್ಟಡದ ಮುಂಭಾಗ. ದೇವರ ಕೋಣೆಯನ್ನು ಬಿಡಬೇಡಿ, ನಮ್ಮ ಕಡೆ ಅದನ್ನು ಕೇಳಿಯೇ ಕೇಳುತ್ತಾರೆ. ಹದಿನೈದನೆಯದಾಗಿ, ಕೋಣೆಗಳ ಅಳತೆ ಮತ್ತು ದಿಕ್ಕು ಬರೆದ ನಕ್ಷೆಯೊಂದನ್ನು ಬಿಳಿ ಹಾಳೆಯ ಮೇಲೆ ಮೇಷ್ಟ್ರೇ ಸ್ಕೇಲಿಟ್ಟು ಬರೆದುಕೊಟ್ಟರು. ಮುಖ್ಯ ಬಾಗಿಲು ಯಾವ ದಿಕ್ಕಿಗೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕಿದ್ದರಿಂದ, ವಾಸ್ತುವಿನ ಕಾರಣಕ್ಕೆ ಬೇಡ ಎನ್ನುವವರು ಫೋನ್ ಮಾಡಿ ಎರಡೂ ಕಡೆಯ ಸಮಯ ಹಾಳುಮಾಡುವುದು ತಪ್ಪಿತು.

ನಾಲ್ಕನೆಯ ಹಂತ: ಜಾಹೀರಾತಿನ ಮಾತು

ಮೊದಲಿದ್ದದ್ದು ಹೀಗೆ: “ಟೂ ಬಿಎಚ್‌ಕೆ ಫ್ಲ್ಯಾಟ್ ಮಾರಾಟಕ್ಕಿದೆ. ಉತ್ತಮ ಜಾಗ, ಎಲ್ಲ ಸೌಲಭ್ಯಗಳಿವೆ. ನಿಜವಾದ ಗಿರಾಕಿಗಳು ಮಾತ್ರ ಸಂಪರ್ಕಿಸಿ.” ಇದನ್ನು ಓದಿದವರಿಗೆ ಏನೂ ತಿಳಿಯುವುದಿಲ್ಲ, ಕೊನೆಯ ವಾಕ್ಯದಿಂದ ಸ್ವಲ್ಪ ಬೇಸರವೂ ಆಗುತ್ತದೆ. ಬದಲಿಸಿದ್ದು ಹೀಗೆ:

“ಸಾಲಗಾಮೆ ರಸ್ತೆಯ ಬಳಿ ಎರಡು ಕೋಣೆಯ ಫ್ಲ್ಯಾಟು, 49.5 ಲಕ್ಷ. ಮೂರನೆಯ ಮಹಡಿ, ಲಿಫ್ಟ್ ಇದೆ. ಪೂರ್ವದ ಬಾಗಿಲು. ಸೂಪರ್ ಬಿಲ್ಟ್ ಅಪ್ 1,080 ಚದರ ಅಡಿ, ಕಾರ್ಪೆಟ್ 780. ಒಂದು ಮುಚ್ಚಿದ ಕಾರ್ ಪಾರ್ಕಿಂಗ್. ಕಟ್ಟಡಕ್ಕೆ ಒಂಬತ್ತು ವರ್ಷ. ಬೋರ್‌ವೆಲ್ ಮತ್ತು ನಗರದ ನೀರು ಎರಡೂ ಇವೆ. ನಿರ್ವಹಣಾ ಶುಲ್ಕ ತಿಂಗಳಿಗೆ 2,200 ರೂಪಾಯಿ, ಬಾಕಿಯಿಲ್ಲ. ಇ-ಖಾತೆ ಆಗಿದೆ, ಮನೆಯ ಮೇಲೆ ಸಾಲವಿಲ್ಲ, ಬ್ಯಾಂಕ್ ಸಾಲಕ್ಕೆ ಬೇಕಾದ ದಾಖಲೆಗಳು ಸಿದ್ಧವಿವೆ. ಮಾಲೀಕರೇ ವಾಸವಿದ್ದಾರೆ, ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಮನೆ ನೋಡಬಹುದು.”

ಕಾರ್ಪೆಟ್ ಅಳತೆಯನ್ನು, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗವನ್ನು, ಮೊದಲೇ ಹೇಳಿಬಿಟ್ಟರೆ ಕೊಳ್ಳುವವರು ಓಡಿಹೋಗುತ್ತಾರೆ ಎಂದು ಮಾಲೀಕರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ; ಪಕ್ಕದ ಮನೆಗಳಿಗೂ ಅದೇ ಪ್ರಮಾಣವಿರುತ್ತದೆ, ಹೇಳಿದವರ ಮೇಲೆ ನಂಬಿಕೆ ಹುಟ್ಟುತ್ತದೆ. ಇ-ಖಾತೆಯ ಸಾಲಿಗೆ ಈಗ ಬಹಳ ತೂಕವಿದೆ, ಅದಿಲ್ಲದೆ ನೋಂದಣಿಯೇ ನಡೆಯುವುದಿಲ್ಲ. ನಿಮ್ಮದು ಇನ್ನೂ ಆಗಿಲ್ಲವೆಂದರೆ ಜಾಹೀರಾತು ನಿಲ್ಲಿಸಿ ಮೊದಲು ಅದಕ್ಕೆ ಅರ್ಜಿ ಹಾಕಿ.

ಐದನೆಯ ಹಂತ: ಮತ್ತೆ ಹಾಕುವುದು, ಯಾರಿಗೆ ತಲುಪಿಸುವುದು

ಹಳೆಯ ಜಾಹೀರಾತನ್ನು ತಿದ್ದುವ ಬದಲು ಪೂರ್ತಿ ತೆಗೆದುಹಾಕಿ, ಎಂಟು ಹತ್ತು ದಿನ ಬಿಟ್ಟು ಹೊಸದಾಗಿ ಹಾಕಿದೆವು. ಬಣ್ಣ ಒಣಗಲು ಆ ದಿನಗಳು ಹೇಗೂ ಬೇಕಿದ್ದವು. ಬೆಲೆ, ಫೋಟೊ, ಮಾತು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಬಂತು ಎಂದು ತಿಳಿಯುವುದಿಲ್ಲವಲ್ಲ ಎಂದು ಮಗ ಕೇಳಿದ. ನಿಜವೇ, ಆದರೆ ಹಾಸನದಂಥ ಊರಿನಲ್ಲಿ ಒಂದು ಕಾಲಕ್ಕೆ ಫ್ಲ್ಯಾಟು ಹುಡುಕುತ್ತಿರುವವರು ಬೆರಳೆಣಿಕೆಯಷ್ಟು ಜನ. ಅವರಿಗೆ ಮನೆ ಹೊಸದಾಗಿ ಕಾಣಿಸುವ ಅವಕಾಶ ಒಂದೇ ಸಲ ಸಿಗುತ್ತದೆ. ಒಂದೊಂದಾಗಿ ಬದಲಿಸುವ ಪ್ರಯೋಗವನ್ನು ಆಮೇಲೆ ಮಾಡಬಹುದು.

ಹಾಕಿದ್ದು ಗುರುವಾರ ಸಂಜೆ. ಇಲ್ಲಿನ ಮನೆಗಳ ತೀರ್ಮಾನ ಎಷ್ಟೋ ಸಲ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳದು. ಅವರು ಶುಕ್ರವಾರ ನೋಡಿ, ಶನಿವಾರ ಊರಿಗೆ ಬಂದು, ಭಾನುವಾರ ಮನೆ ನೋಡಿ ಹಿಂತಿರುಗುತ್ತಾರೆ. ಬರಲಾಗದವರಿಗಾಗಿ ಬಾಗಿಲಿನಿಂದ ಬಾಲ್ಕನಿಯವರೆಗೆ ನಿಧಾನವಾಗಿ ನಡೆಯುತ್ತ ಒಂದೂವರೆ ನಿಮಿಷದ ವಿಡಿಯೊ ತೆಗೆದೆವು, ಹಿನ್ನೆಲೆ ಸಂಗೀತವಿಲ್ಲದೆ. ವಾಟ್ಸಾಪಿನಲ್ಲಿ ಫೋಟೊ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮಸುಕಾಗುವುದಿಲ್ಲ.

ಜಾಲತಾಣದಾಚೆಗೆ ಮೂರು ಕೆಲಸ ಮಾಡಿದೆವು. ಬಾಲ್ಕನಿಗೆ ರಸ್ತೆಯಿಂದ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ‘ಮಾರಾಟಕ್ಕಿದೆ’ ಎಂಬ ಬೋರ್ಡು ಕಟ್ಟಿದೆವು. ಒಂದು ಹಾಳೆಯ ವಿವರವನ್ನು ವೈದ್ಯಕೀಯ ಕಾಲೇಜು, ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಇಸ್ರೋದ ಎಂಸಿಎಫ್ ಇಲ್ಲೆಲ್ಲ ಕೆಲಸ ಮಾಡುವ ಪರಿಚಿತರಿಗೆ ಕೊಟ್ಟೆವು, ಸಾಲ ಸುಲಭವಾಗಿ ಸಿಗುವ ಸಂಬಳದವರು ಅಲ್ಲಿರುತ್ತಾರೆ. ಮೂರನೆಯದಾಗಿ, ಮಕ್ಕಳ ಓದಿಗಾಗಿ ಪೇಟೆಯಲ್ಲಿ ಮನೆ ಹುಡುಕುವ ಸಕಲೇಶಪುರ, ಆಲೂರು ಕಡೆಯ ತೋಟದವರನ್ನು ಬಲ್ಲ ಇಬ್ಬರು ದಲ್ಲಾಳಿಗಳಿಗೆ ಹೇಳಿದೆವು. ದಲ್ಲಾಳಿಗಳಿಗೆ ಹೇಳುವಾಗ ಒಂದು ಷರತ್ತು ಹಾಕಿದೆ: ಎಲ್ಲಿ ಹಾಕಿದರೂ ಬೆಲೆ 49.5 ಎಂದೇ ಇರಬೇಕು. ಒಂದೇ ಮನೆ ಒಂದು ಕಡೆ 52, ಇನ್ನೊಂದು ಕಡೆ 49 ಎಂದು ಕಂಡರೆ ಕೊಳ್ಳುವವರು 47ರಿಂದ ಮಾತು ಶುರುಮಾಡುತ್ತಾರೆ.

ಆರನೆಯ ಹಂತ: ಹದಿನೈದನೆಯ ದಿನದ ಲೆಕ್ಕ

ಎರಡು ವಾರಕ್ಕೆ ಮನೆಗಳ ತಾಣದಲ್ಲಿ 230 ಜನ ನೋಡಿದ್ದರು, ಒಟ್ಟು ಒಂಬತ್ತು ಕರೆ ಬಂದಿದ್ದವು, ನಾಲ್ಕು ಕುಟುಂಬಗಳು ಬಂದು ನೋಡಿದವು. ಪ್ರತಿ ಕರೆಯನ್ನೂ ಅಮ್ಮಾವ್ರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು: ಯಾರು, ಎಲ್ಲಿ ನೋಡಿದರು, ಏನು ಕೇಳಿದರು, ಏಕೆ ಬರಲಿಲ್ಲ. ಮೂವರು ಎರಡನೆಯ ಪಾರ್ಕಿಂಗ್ ಕೇಳಿದ್ದರು; ಸ್ಕೂಟರಿಗೆ ಜಾಗವಿದೆ ಎಂದು ಜಾಹೀರಾತಿನಲ್ಲಿ ಸೇರಿಸಿದೆವು.

ಅಂಕಿಗಳು ಬೇರೆಯಾಗಿದ್ದರೆ ಮಾಡಬೇಕಾದದ್ದೂ ಬೇರೆಯಾಗುತ್ತಿತ್ತು. ನೋಡುವವರು ಹೆಚ್ಚಿ ಕರೆ ಹೆಚ್ಚದಿದ್ದರೆ ಮೊದಲ ಫೋಟೊವನ್ನು ಮಾತ್ರ ಬದಲಿಸಿ ಒಂದು ವಾರ ಕಾಯಿರಿ; ಆಗಲೂ ಬಾರದಿದ್ದರೆ ಬೆಲೆಯನ್ನು ಇನ್ನೊಂದೇ ಸಲ, ನಮ್ಮ ಲೆಕ್ಕದಲ್ಲಾದರೆ 48ಕ್ಕೆ, ಇಳಿಸಿ. ಜನ ಬಂದು ನೋಡಿಯೂ ಯಾರೂ ಬೆಲೆ ಕೇಳದಿದ್ದರೆ ಜಾಹೀರಾತನ್ನು ಮುಟ್ಟಬೇಡಿ, ದೋಷ ಮನೆಯಲ್ಲಿದೆ ಅಥವಾ ದಾಖಲೆಯಲ್ಲಿದೆ. ಬಂದವರಿಗೇ ಫೋನ್ ಮಾಡಿ ಕೇಳಿ, ಕೇಳಿದರೆ ಹೆಚ್ಚಿನವರು ಹೇಳುತ್ತಾರೆ.

ನೋಡಿದ ನಾಲ್ವರಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬರು 46ಕ್ಕೆ ಕೇಳಿದರು. ಮೇಷ್ಟ್ರಿಗೆ ಸಿಟ್ಟು ಬಂತು, ಆದರೆ ಮಾತು ಮುರಿಯಲಿಲ್ಲ. ಮೌಲ್ಯಮಾಪಕರ ವರದಿಯ ಪ್ರತಿಯನ್ನು ಮುಂದಿಟ್ಟು ಬ್ಯಾಂಕು ಎಷ್ಟು ಕೊಡುತ್ತದೆ ಎಂದು ಅವರಿಗೂ ಅದೇ ಲೆಕ್ಕ ತೋರಿಸಿದೆವು. ಎರಡು ಭಾನುವಾರ ಕಳೆದ ಮೇಲೆ 48ಕ್ಕೆ ಒಪ್ಪಿಗೆಯಾಯಿತು, ಮುಂಗಡವನ್ನು ಚೆಕ್ಕಿನಲ್ಲಿ ಪಡೆದು ಕರಾರು ಬರೆದೆವು. ಸ್ವತ್ತಿನ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಪಡೆಯುವಂತಿಲ್ಲ. ಕರಾರಾದ ಸಂಜೆಯೇ ಎರಡೂ ಜಾಹೀರಾತುಗಳನ್ನು ತೆಗೆದೆವು, ದಲ್ಲಾಳಿಗಳಿಗೆ ತಿಳಿಸಿದೆವು. ಬಾಲ್ಕನಿಯ ಬೋರ್ಡನ್ನು ಮಾತ್ರ ಬ್ಯಾಂಕಿನಿಂದ ಸಾಲ ಮಂಜೂರಾದ ಪತ್ರ ಕೈಗೆ ಬರುವವರೆಗೆ ಬಿಚ್ಚಬೇಡಿ ಎಂದು ಅಮ್ಮಾವ್ರಿಗೆ ಹೇಳಿ ಬಂದೆ.